ಉದ್ದದ ಪ್ರಾಂಪ್ಟ್‌ನಲ್ಲಿ ಕಳೆದುಹೋಗುವ ಕಪ್ಪು ಮುಚ್ಚಳ

ಕೇಳಿದವರು, ಸಾಗರ: ಮನೆಯಲ್ಲಿ ಅಪ್ಪೆಮಿಡಿ ಉಪ್ಪಿನಕಾಯಿ ಹಾಕಿ ಮಾರುತ್ತೇವೆ. ಚಿತ್ರಕ್ಕೆ, ಬರೆದ ವಿವರಣೆಯಿಂದ ಅಂದರೆ ಪ್ರಾಂಪ್ಟ್‌ನಿಂದ ಚಿತ್ರ ಮಾಡಿಕೊಡುವ ಸ್ಟೇಬಲ್ ಡಿಫ್ಯೂಷನ್ ಎಕ್ಸ್‌ಎಲ್ ಎಂಬ ಎಐ ಮಾದರಿ ಬಳಸುತ್ತೇನೆ. ಕಿಟಕಿಯ ಬೆಳಕು, ಬಾಳೆಲೆ, ಹಿತ್ತಾಳೆ ತಟ್ಟೆ, ಕೆಂಪು ವಸ್ತ್ರ ಎಲ್ಲವನ್ನೂ ಇಂಗ್ಲಿಷಿನಲ್ಲಿ ವಿವರಿಸಿ, ಕೊನೆಗೆ ಬಾಟಲಿಗೆ ಕಪ್ಪು ಮುಚ್ಚಳ ಎಂದು ಬರೆಯುತ್ತೇನೆ. ಅದು ಬರುವುದೇ ಇಲ್ಲ, ಕೆಲವೊಮ್ಮೆ ಕೆಂಪು ಮುಚ್ಚಳ ಬರುತ್ತದೆ. ಇನ್ನೂ ವಿವರವಾಗಿ ಬರೆಯಬೇಕೇ?

ಸಣ್ಣ ವ್ಯಾಪಾರಿಗಳಿಗೆ ಚಿತ್ರ ಮಾಡಿಕೊಡುವವರು, ಬೆಂಗಳೂರು: ಬೇಡ, ಕಡಿಮೆ ಮಾಡಿ. ನಿಮ್ಮಲ್ಲಿ ಎರಡು ಬೇರೆ ಬೇರೆ ತೊಂದರೆಗಳಿರುವಂತೆ ಕಾಣುತ್ತದೆ. ಎಕ್ಸ್‌ಎಲ್‌ನಲ್ಲಿ ಪಠ್ಯವನ್ನು ಓದುವ ಭಾಗ ಕ್ಲಿಪ್ ಮಾದರಿಯದು. ಅದು ಪಠ್ಯವನ್ನು ಟೋಕನ್ ಎಂಬ ಪದ ಅಥವಾ ಪದದ ತುಂಡುಗಳಾಗಿ ಓದುತ್ತದೆ, ಒಮ್ಮೆಗೆ 77 ಟೋಕನ್ ಮಾತ್ರ ತೆಗೆದುಕೊಳ್ಳುತ್ತದೆ. ಆರಂಭ ಮತ್ತು ಅಂತ್ಯದ ಗುರುತುಗಳಿಗೆ ಎರಡು ಹೋದರೆ ನಿಮಗೆ ಉಳಿಯುವುದು 75. ಅಲ್ಪವಿರಾಮವೂ ಲೆಕ್ಕಕ್ಕೆ ಬರುತ್ತದೆ, ಅಪರೂಪದ ಪದಗಳು ಎರಡು ಮೂರು ತುಂಡಾಗುತ್ತವೆ. ಮಿತಿ ದಾಟಿದ ಭಾಗವನ್ನು ಕೆಲವು ತಂತ್ರಾಂಶಗಳು ಏನೂ ಹೇಳದೆ ಕತ್ತರಿಸುತ್ತವೆ. ಹಾಗಾದರೆ ನಿಮ್ಮ ಮುಚ್ಚಳದ ಮಾತು ಮಾದರಿಯನ್ನು ತಲುಪಿಯೇ ಇರುವುದಿಲ್ಲ.

ಪರೀಕ್ಷೆ ಸುಲಭ. ಚಿತ್ರದ ಯಾದೃಚ್ಛಿಕ ಆರಂಭವನ್ನು ನಿರ್ಧರಿಸುವ ಸೀಡ್ ಸಂಖ್ಯೆಯನ್ನು ಬದಲಿಸದೆ ಮುಚ್ಚಳದ ಮಾತನ್ನು ಮೊದಲಿಗೆ ತನ್ನಿ. ಆಗ ಕಪ್ಪು ಮುಚ್ಚಳ ಬಂದರೆ ಉದ್ದವೇ ಕಾರಣವಾಗಿರುವ ಸಂಭವ ಹೆಚ್ಚು. ಮುಚ್ಚಳ ಕೆಂಪಾಗುವುದು ಬೇರೆ ವಿಷಯ: ವಸ್ತ್ರದ ಬಣ್ಣ ಪಕ್ಕದ ವಸ್ತುವಿಗೆ ಸೋರುತ್ತಿದೆ. ವಸ್ತುಗಳೂ ಬಣ್ಣಗಳೂ ಹೆಚ್ಚಾದಷ್ಟೂ ಯಾವ ಬಣ್ಣ ಯಾವುದಕ್ಕೆ ಎಂಬ ನಂಟು ಸಡಿಲವಾಗುತ್ತದೆ.

ಮನೆಯ ಕಂಪ್ಯೂಟರಿನಲ್ಲೇ ಚಿತ್ರ ಮಾಡುವವರು, ಮೈಸೂರು: ಇದನ್ನು ನಾನು ಒಪ್ಪುವುದಿಲ್ಲ. ಸ್ಟೇಬಲ್ ಡಿಫ್ಯೂಷನ್ ನಡೆಸಲು ನಾನು ಬಳಸುವ ಆಟೊಮ್ಯಾಟಿಕ್1111 ತಂತ್ರಾಂಶದಲ್ಲಿ 75 ಟೋಕನ್ ದಾಟಿದರೆ ಮಿತಿಯ ಲೆಕ್ಕ 150ಕ್ಕೆ ಏರುತ್ತದೆ, ಏನನ್ನೂ ಕತ್ತರಿಸುವುದಿಲ್ಲ. ಉದ್ದ ಸಮಸ್ಯೆಯೇ ಅಲ್ಲ.

ಬೆಂಗಳೂರಿನವರು: ಕತ್ತರಿಸುವುದಿಲ್ಲ ಎಂಬುದು ನಿಜ. ಆದರೆ ಅದು 75ರ ಕಂತುಗಳಾಗಿ ಒಡೆದು ಪ್ರತಿ ಕಂತನ್ನೂ ಪ್ರತ್ಯೇಕವಾಗಿ ಓದಿಸುತ್ತದೆ. ಎರಡನೆಯ ಕಂತಿನ ಮುಚ್ಚಳವನ್ನು ಓದುವಾಗ ಮೊದಲ ಕಂತಿನ ಬಾಟಲಿ ಎದುರಿಗಿರುವುದಿಲ್ಲ. ಪಠ್ಯ ಓದಲು ಟಿ5 ಎಂಬ ಭಾಷಾ ಮಾದರಿಯನ್ನು ಬಳಸುವ ಹೊಸ ಚಿತ್ರ ಮಾದರಿಗಳು ಉದ್ದದ ಪಠ್ಯವನ್ನು ಚೆನ್ನಾಗಿ ಓದುತ್ತವೆ. ಅಲ್ಲೂ ಬಣ್ಣ ಸೋರುವುದು ಕಡಿಮೆಯಾಗಿದೆಯೇ ಹೊರತು ನಿಂತಿಲ್ಲ.

ಸೀರೆ ಮಾರುವವರು, ಇಳಕಲ್: ನಾನು ಕನ್ನಡದಲ್ಲೇ ಚಿಕ್ಕದಾಗಿ ಬರೆದೆ, ಆದರೂ ಸೆರಗು ಬರಲಿಲ್ಲ. ಹಾಗಾದರೆ ಉದ್ದ ಕಾರಣವಲ್ಲ ಅಲ್ಲವೇ?

ಬೆಂಗಳೂರಿನವರು: ನಿಮ್ಮದು ಬೇರೆ ಪ್ರಶ್ನೆ. ಕ್ಲಿಪ್ ಕಲಿತದ್ದು ಬಹುಪಾಲು ಇಂಗ್ಲಿಷ್ ಶೀರ್ಷಿಕೆಗಳಿಂದ. ಕನ್ನಡ ಅಕ್ಷರಗಳನ್ನು ಅದು ಬೈಟುಗಳಾಗಿ ಒಡೆಯುವುದರಿಂದ ಒಂದೇ ಪದಕ್ಕೆ ಹಲವು ಟೋಕನ್ ಖರ್ಚಾಗುತ್ತದೆ, ಅರ್ಥವೂ ಸಿಗುವುದಿಲ್ಲ.

ಸಾಗರದವರಿಗೆ: ಪ್ರತಿ ಮಾತನ್ನೂ ಒಂದೇ ಪ್ರಶ್ನೆಯಿಂದ ಅಳೆಯಿರಿ. ಇದು ತಪ್ಪಿದರೆ ಕೊಂಡವರಿಗೆ ಬೇರೆ ವಸ್ತು ತೋರಿಸಿದಂತಾಗುತ್ತದೆಯೇ? ಹಾಗಾಗುವುದಾದರೆ ಅದು ಮೊದಲಿಗೆ ಬರಬೇಕು. ಮಿಡಿ ಇಡಿಯಾಗಿರುವುದು, ತೊಟ್ಟು, ರಸದ ಬಣ್ಣ, ಮುಚ್ಚಳ ಈ ಸಾಲಿಗೆ ಸೇರುತ್ತವೆ. ಅಪ್ಪೆಮಿಡಿ ಎಂಬ ಹೆಸರನ್ನು ಮಾದರಿ ಬಲ್ಲದೆಂದು ನಂಬಬೇಡಿ. ಬರೀ ಮಾವಿನ ಉಪ್ಪಿನಕಾಯಿ ಎಂದರೆ ಹೋಳುಗಳು ಬರುವ ಸಂಭವ ಹೆಚ್ಚು, ಆದ್ದರಿಂದ ರೂಪವನ್ನೇ ಹೇಳಿ. ಆಮೇಲೆ ಕೋನ, ನೆಲ, ಬೆಳಕು. ಬಾಳೆಲೆ, ತಟ್ಟೆ, ವಸ್ತ್ರ ಮೂರನ್ನೂ ಬಿಡಿ. ಕೆಂಪು ರಸದಲ್ಲಿ ಮಾತ್ರ ಇರಲಿ.

```
glass jar of pickled whole baby mangoes
with stems, dark red brine, black metal lid,
eye-level close-up, on dark wood,
soft window light from left, plain background
```

ಇದು ಮಿತಿಯ ಅರ್ಧದ ಆಸುಪಾಸಿನಲ್ಲಿ ಮುಗಿಯುತ್ತದೆ. `8k`, `masterpiece` ಬಗೆಯ ಪದಗಳನ್ನು ತುಂಬಬೇಡಿ, ಜಾಗ ತಿನ್ನುತ್ತವೆ. ಎಲೆ ಬೇಡವೆಂದು `no banana leaf` ಎಂದು ಬರೆದರೆ ಎಲೆ ಬರುವುದೇ ಹೆಚ್ಚು. ಬೇಡದ್ದನ್ನು ನೆಗೆಟಿವ್ ಪ್ರಾಂಪ್ಟ್ ಪೆಟ್ಟಿಗೆಯಲ್ಲಿ ಹಾಕಿ. ಬಾಳೆಲೆ ಬೇಕೇ ಬೇಕೆಂದಾದರೆ ಬಾಟಲಿ ಸರಿಯಾಗಿ ಬಂದ ಮೇಲೆ ಆ ಜಾಗವನ್ನಷ್ಟೇ ಗುರುತಿಸಿ ಇನ್‌ಪೇಂಟಿಂಗ್‌ನಲ್ಲಿ ಸೇರಿಸಿ.

ಕೇಳಿದವರು: ಕಪ್ಪು ಮುಚ್ಚಳ ಬರುತ್ತಿದೆ, ಧನ್ಯವಾದ. ಆದರೆ ತೊಟ್ಟು ಕೆಲವು ಚಿತ್ರಗಳಲ್ಲಿ ಚೆರ್ರಿ ಹಣ್ಣಿನದರಂತೆ ಉದ್ದವಾಗುತ್ತದೆ.

ಜಾಹೀರಾತು ಛಾಯಾಗ್ರಾಹಕರು, ಹುಬ್ಬಳ್ಳಿ: ಅದು ಪ್ರಾಂಪ್ಟ್‌ನಿಂದ ಸರಿಹೋಗುವುದು ಅನುಮಾನ. ನಿಮ್ಮದೇ ಬಾಟಲಿಯನ್ನು ಕಿಟಕಿಯ ಬಳಿ ಇಟ್ಟು ಮೊಬೈಲಿನಲ್ಲಿ ತೆಗೆಯಿರಿ, ಹಿನ್ನೆಲೆಯನ್ನು ಮಾತ್ರ ಮಾದರಿಯಿಂದ ಮಾಡಿಸಿ. ಲೇಬಲ್ಲಿನ ಅಕ್ಷರವೂ ಕೆಡುವುದಿಲ್ಲ. ತಿನ್ನುವ ಪದಾರ್ಥವನ್ನು ಕಲ್ಪಿಸಿ ತೋರಿಸುವುದು ನನಗಂತೂ ಸರಿ ಕಾಣುವುದಿಲ್ಲ.

ಬೆಂಗಳೂರಿನವರು: ಬಾಟಲಿಯ ಬಗ್ಗೆ ಒಪ್ಪುತ್ತೇನೆ. ಹಬ್ಬದ ಶುಭಾಶಯದ ಚಿತ್ರಕ್ಕೂ ಅಷ್ಟು ಕಟ್ಟುನಿಟ್ಟು ಬೇಕೆಂದು ನನಗೆ ಅನ್ನಿಸುವುದಿಲ್ಲ.

ಛಾಯಾಗ್ರಾಹಕರು: ಆ ಚಿತ್ರದಲ್ಲೂ ಉಪ್ಪಿನಕಾಯಿ ಇದ್ದರೆ ಬೇಕು.