ಅತ್ತಿಗೆ ಆಪರೇಷನ್‌ಗೆ ಪುಣೆಯಲ್ಲಿ ಅಂಟಿಸೋ ಹಾಳೆ

“ಅತ್ತೆ, ಅಮ್ಮನಿಗೆ ಪುಣೆಯಲ್ಲಿ ಪಿತ್ತಕೋಶದ ಕಲ್ಲಿನ ಆಪರೇಷನ್. ಅಮ್ಮನಿಗೆ ಕನ್ನಡ ಬಿಟ್ಟು ಬೇರೆ ಬರಲ್ಲ. ನಾನು, ನನ್ನ ಹೆಂಡತಿ, ತಮ್ಮ ಮೂರು ಜನ ಸರದಿ ಮೇಲೆ ಇರ್ತೀವಿ. ಡಾಕ್ಟರ ಮಾತನ್ನ ಅಮ್ಮನಿಗೆ, ಅಮ್ಮನ ಮಾತನ್ನ ಡಾಕ್ಟರಿಗೆ ಹೇಳೋದು ಹೇಗೆ ಅಂತ ಒಂದು ಹಾಳೆ ಬರೆದು ಮಂಚದ ಹತ್ರ ಅಂಟಿಸೋಣ ಅಂತಿದ್ದೀನಿ. ಹೇಗೆ ಬರೀಲಿ?”

ಪುಟ್ಟ, ಒಳ್ಳೆ ಕೆಲಸಕ್ಕೆ ಕೈ ಹಾಕಿದ್ದೀಯ. ಸ್ವಲ್ಪ ಉದ್ದ ಆಗತ್ತೆ, ನೀವು ಮೂರೂ ಜನ ಕೇಳಿಸಿಕೊಳ್ಳಿ. ಇಪ್ಪತ್ತಾರು ವರ್ಷ ವಾರ್ಡಿನಲ್ಲಿ ನಿಂತು ಕಂಡಿದ್ದನ್ನೇ ಹೇಳ್ತೀನಿ.

ಮೊದಲು ಒಂದು ಘಟನೆ. ಅನಂತಪುರದ ಕಡೆಯ ಒಬ್ಬ ಅಜ್ಜಿಗೆ ಬೆಳಗ್ಗೆ 8ಕ್ಕೆ ಆಪರೇಷನ್ ಇತ್ತು. ಅಜ್ಜಿಗೆ ತೆಲುಗು ಮಾತ್ರ. ಹಿಂದಿನ ದಿನ ಸಂಜೆ ನಾನೇ ಮೊಮ್ಮಗನಿಗೆ ಹೇಳಿದೆ, “ರಾತ್ರಿ ಹನ್ನೆರಡರ ಮೇಲೆ ಹೊಟ್ಟೆಗೆ ಏನೂ ಕೊಡಬೇಡಪ್ಪ” ಅಂತ. ಅವನು ಅಜ್ಜಿಗೆ “ಏಮೀ ತಿನೊದ್ದು” ಅಂದ. ಅಂದ್ರೆ ಏನೂ ತಿನ್ನಬೇಡ. ಅಜ್ಜಿ ತಿನ್ನಲಿಲ್ಲ. ಬೆಳಗ್ಗೆ 6ಕ್ಕೆ ಫ್ಲಾಸ್ಕಿನಲ್ಲಿದ್ದ ಹಾಲು ಹಾಕಿದ ಕಾಫಿ ಕುಡಿದರು. ಕಾಫಿ ಕುಡಿಯೋದು, ತಿನ್ನೋದಲ್ಲವಲ್ಲ! ಥಿಯೇಟರ್ ಬಾಗಿಲಲ್ಲಿ ಅರಿವಳಿಕೆ ಡಾಕ್ಟರು ಕೇಳಿದಾಗ ಅಜ್ಜಿ ನಿಜ ಹೇಳಿದರು, ಪುಣ್ಯ. ಹಾಲು ಹೊಟ್ಟೆಯಲ್ಲಿ ಊಟದ ಹಾಗೇ ನಿಲ್ಲತ್ತೆ, ಅದಕ್ಕೇ ಸಾಮಾನ್ಯವಾಗಿ 6 ಗಂಟೆ ಬಿಡಿಸ್ತಾರೆ. ಎಚ್ಚರ ತಪ್ಪಿಸಿದಾಗ ಹೊಟ್ಟೆಯಲ್ಲಿದ್ದದ್ದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿದರೆ ಜೀವಕ್ಕೇ ಅಪಾಯ. ಆಪರೇಷನ್ ಮಾರನೇ ದಿನಕ್ಕೆ ಹೋಯ್ತು. ಮೊಮ್ಮಗ ಅಳೋ ಹಾಗಾಗಿದ್ದ. ಅವನ ತಪ್ಪಲ್ಲ ಅದು, ನಾನು ಹೇಳಿದ ಮಾತೇ ಬಿಡಿಬಿಡಿಯಾಗಿರಲಿಲ್ಲ.

ಅದಕ್ಕೇ ನಿನ್ನ ಹಾಳೆಯಲ್ಲಿ “ಏನೂ” ಅನ್ನೋ ಪದ ಬೇಡ. ಹೀಗೆ ಬರಿ: “ರಾತ್ರಿ ಇಷ್ಟು ಗಂಟೆ ಮೇಲೆ ಅನ್ನ, ಚಪಾತಿ, ಬಿಸ್ಕತ್ತು, ಹಾಲು, ಕಾಫಿ, ಟೀ, ಮಜ್ಜಿಗೆ ಬೇಡ. ನೀರು ಇಷ್ಟು ಗಂಟೆವರೆಗೆ.” ಗಂಟೆಯ ಜಾಗ ಖಾಲಿ ಬಿಡು, ಅಲ್ಲಿನ ಡಾಕ್ಟರನ್ನೇ ಕೇಳಿ ತುಂಬು. ನಾನು ಹೇಳಿದ 6 ಗಂಟೆ ನೋಡಿ ನೀನೇ ಲೆಕ್ಕ ಹಾಕಬೇಡ. ಅಮ್ಮನ ಬಿಪಿ ಮಾತ್ರೆ ಬೆಳಗ್ಗೆ ಕೊಡಬೇಕಾ ಬೇಡವಾ ಅಂತಲೂ ಒಂದು ಸಾಲು ಇರಲಿ. ಇದೇ ಥರದ್ದು ಇನ್ನೊಂದು, ಮನೆಗೆ ಬಂದ ಮೇಲೆ ಕಾಡೋದು. “ಖಾನೇ ಸೆ ಪೆಹಲೇ” ಅಂತ ಡಾಕ್ಟರು ಅಂದ್ರೆ ನಾವು “ಊಟಕ್ಕೆ ಮುಂಚೆ” ಅಂತೀವಿ. ನಿಮ್ಮಮ್ಮನಿಗೆ ಬೆಳಗ್ಗೆ ತಿನ್ನೋದು ತಿಂಡಿ, ಊಟ ಅಲ್ಲ. ಬೆಳಗ್ಗೆಯ ಮಾತ್ರೆ ಮಧ್ಯಾಹ್ನಕ್ಕೆ ಹೋಗತ್ತೆ. “ಬೆಳಗ್ಗೆ ತಿಂಡಿಗೆ ಅರ್ಧ ಗಂಟೆ ಮುಂಚೆ” ಅಂತ ಡಾಕ್ಟರ ಹತ್ರ ಖಚಿತ ಮಾಡಿಕೊಂಡು ಬರಿ.

ಆಮೇಲೆ ದಿನದ ವಿಷಯ. ಹಿಂದಿಯಲ್ಲಿ “ಕಲ್” ಅಂದ್ರೆ ನಿನ್ನೆನೂ ಹೌದು, ನಾಳೆನೂ ಹೌದು. ಮರಾಠಿಯಲ್ಲಿ “ಕಾಲ್” ಅಂದ್ರೆ ನಿನ್ನೆ ಮಾತ್ರ, ನಾಳೆಗೆ “ಉದ್ಯಾ”. ಅಲ್ಲಿ ನರ್ಸ್ ಒಂದು ಭಾಷೆ, ಡಾಕ್ಟರ್ ಇನ್ನೊಂದು ಭಾಷೆ ಆಡ್ತಾರೆ. “ಕಲ್ ಸೆ ದವಾ ಬಂದ್” ಅಂದರೆ ನಿನ್ನೆಯಿಂದ ನಿಲ್ಲಿಸಿದ್ದಾರೋ, ನಾಳೆಯಿಂದ ನಿಲ್ಲಿಸಬೇಕೋ? ಹಾಳೆಯಲ್ಲಿ ಬರಿ: “ಕಲ್ ಅಂತ ಕೇಳಿಸಿದರೆ ಯಾವ ವಾರ, ಯಾವ ತಾರೀಕು ಅಂತ ಕೇಳಿ, ಅವರ ಎದುರಿಗೇ ಬರೆದು ತೋರಿಸಿ.”

ಇನ್ನು ಅಮ್ಮನ ಮಾತು ಡಾಕ್ಟರಿಗೆ ಹೋಗೋ ದಾರಿ. ಇಲ್ಲೇ ಮನೆಯವರು ಜಾಸ್ತಿ ಎಡವೋದು, ಪ್ರೀತಿಯಿಂದಲೇ ಎಡವೋದು. ಈ ಆಪರೇಷನ್ನನ್ನ ಸಾಮಾನ್ಯವಾಗಿ ಹೊಟ್ಟೆಗೆ ಗ್ಯಾಸ್ ತುಂಬಿ, ಸಣ್ಣ ತೂತು ಮಾಡಿ ಮಾಡ್ತಾರೆ. ಆಮೇಲೆ ಒಂದೆರಡು ದಿನ ಭುಜ ನೋಯೋದು ಉಂಟು. ಅಮ್ಮ “ಭುಜ ಸೆಳೀತಿದೆ ಕಣೋ” ಅಂತಾರೆ. ನೀನು “ಓರೆಯಾಗಿ ಮಲಗಿರಬೇಕು” ಅಂದುಕೊಂಡು ಡಾಕ್ಟರಿಗೆ “ಠೀಕ್ ಹೈ” ಅಂದುಬಿಡ್ತೀಯ. ಅದು ಆ ಗ್ಯಾಸಿನ ನೋವಾ, ಎದೆಯ ತೊಂದರೆಯಾ ಅಂತ ಹೇಳಬೇಕಾದವರು ಡಾಕ್ಟರು. ಅವರ ಕಿವಿಗೇ ಬೀಳದಿದ್ದರೆ ಹೇಗೆ ಹೇಳ್ತಾರೆ? ಜೊತೆಗೆ ಅತ್ತಿಗೆ ಯಾವತ್ತೂ “ಪರವಾಗಿಲ್ಲ” ಅನ್ನೋರು. ಹೆರಿಗೆ ನೋವಿನಲ್ಲೂ ಪರವಾಗಿಲ್ಲ ಅಂದಿದ್ದರು, ನಾನು ಪಕ್ಕದಲ್ಲೇ ಇದ್ದೆ.

ಅದಕ್ಕೆ “ಸರಿಯಾಗಿ ಭಾಷಾಂತರ ಮಾಡಿ” ಅಂತ ಬರೀಬೇಡ. ಅದನ್ನ ಓದಿದವನಿಗೆ ಕೈಯಲ್ಲಿ ಏನು ಮಾಡಬೇಕು ಅಂತ ಗೊತ್ತಾಗಲ್ಲ. ಮಾಡೋ ಕೆಲಸವನ್ನೇ ಬರಿ, ಒಂದು ಸಾಲಿಗೆ ಒಂದೇ ಕೆಲಸ. “ಡಾಕ್ಟರ್ ಎರಡು ವಾಕ್ಯ ಹೇಳಿದ ಕೂಡಲೇ ಕೈ ಎತ್ತಿ ನಿಲ್ಲಿಸಿ, ಅಮ್ಮನಿಗೆ ಹೇಳಿ.” “ಪ್ರಶ್ನೆ ಅಮ್ಮನನ್ನೇ ಕೇಳಿ, ಉತ್ತರ ನಿಮಗೆ ಗೊತ್ತಿದ್ದರೂ.” “ಮೊದಲು ಅಮ್ಮ ಹೇಳಿದ್ದನ್ನ ಹೇಳಿ. ನಿಮ್ಮದೇನಾದರೂ ಇದ್ದರೆ, ಇದು ನನ್ನ ಮಾತು ಅಂತ ಹೇಳಿ ಆಮೇಲೆ ಸೇರಿಸಿ.” “ಪದ ಗೊತ್ತಾಗದಿದ್ದರೆ ಊಹಿಸಬೇಡಿ, ಡಾಕ್ಟರಿಗೆ ಹೇಳಿ.” “ನೋವು ಎಲ್ಲಿ ಅಂತ ಬೆರಳಿಟ್ಟು ತೋರಿಸೋಕೆ ಅಮ್ಮನಿಗೇ ಹೇಳಿ, ಸೊನ್ನೆಯಿಂದ ಹತ್ತರಲ್ಲಿ ಎಷ್ಟು ಅಂತ ಕೇಳಿ.” ಇಷ್ಟು ಸಾಕು, ಹಾಳೆ ಒಂದೇ ಪುಟ ಇರಲಿ, ಮಂಚದಿಂದ ಎರಡು ಹೆಜ್ಜೆ ದೂರ ನಿಂತರೂ ಓದೋ ಅಷ್ಟು ದಪ್ಪ ಅಕ್ಷರ.

ಹಿಂಬದಿಯಲ್ಲಿ ಅಮ್ಮ ಆಡೋ ಪದಗಳನ್ನ ಬರ್ಕೋ. ಜೋಮು, ಸೆಳೆತ, ಉರಿ, ಚುಚ್ಚಿದ ಹಾಗೆ, ಹೊಟ್ಟೆ ತೊಳೆಸೋದು, ಕಣ್ಣು ಕತ್ತಲೆ. ಒಂದೊಂದಕ್ಕೂ ಹಿಂದಿ ಪದ ಪಕ್ಕದಲ್ಲಿ, ಕನ್ನಡ ಅಕ್ಷರದಲ್ಲೇ. ಹೋಗೋ ಮುಂಚೆ ಅಮ್ಮನ ಜೊತೆ ಕೂತು ಮಾಡು, ಅವರು “ಜೋಮು” ಅಂದ್ರೆ ಏನು ಅಂತ ಅವರನ್ನೇ ಕೇಳು. ತಲೆ ಸುತ್ತೋದು ಬೇರೆ, ಕಣ್ಣು ಕತ್ತಲೆ ಬರೋದು ಬೇರೆ. “ಚಕ್ಕರ್” ಅಂತ ಎರಡಕ್ಕೂ ಒಂದೇ ಹೇಳಿದರೆ ಸಾಲದು.

ಎರಡು ಕಡೆ ನೀವು ಹಿಂದೆ ಸರೀಬೇಕು. ಒಪ್ಪಿಗೆ ಪತ್ರಕ್ಕೆ ಸಹಿ ಹಾಕೋವಾಗ ಆಸ್ಪತ್ರೆಯಲ್ಲಿ ಕನ್ನಡ ಬರೋ ಸಿಬ್ಬಂದಿ ಯಾರಾದರೂ ಇದ್ದಾರಾ ಅಂತ ಮೊದಲೇ ವಿಚಾರಿಸಿ. ಅದರ ಅಪಾಯಗಳನ್ನ ಮಗನ ಬಾಯಲ್ಲಿ ಕೇಳಿದರೆ ಅರ್ಧ ಸಿಹಿಯಾಗಿಯೇ ಬರತ್ತೆ. ಮೂತ್ರ, ಮುಟ್ಟು ಇಂಥ ಪ್ರಶ್ನೆ ಬಂದರೆ ಸೊಸೆ ಇರಲಿ, ನೀವಿಬ್ಬರು ಹೊರಗೆ ಹೋಗಿ. ನಿಮ್ಮೆದುರು ಅತ್ತಿಗೆ ಬಾಯಿ ಬಿಡಲ್ಲ. ಇದನ್ನೂ ಹಾಳೆಯಲ್ಲಿ ಬರಿ, ಆಗ ಅದು ನಿಯಮ ಆಗತ್ತೆ, ಯಾರಿಗೂ ಮುಜುಗರ ಇಲ್ಲ. ಮಕ್ಕಳನ್ನ ಮಾತ್ರ ಈ ಕೆಲಸಕ್ಕೆ ನಿಲ್ಲಿಸಬೇಡಿ, ನಿನ್ನ ಮಗಳಿಗೆ ಮರಾಠಿ ಎಷ್ಟೇ ಚೆನ್ನಾಗಿ ಬರಲಿ.

ಕೊನೆ ಸಾಲು ಇದು: “ಡಾಕ್ಟರ್ ಹೋಗೋ ಮುಂಚೆ ಅಮ್ಮನಿಂದ ವಾಪಸ್ ಹೇಳಿಸಿ.” ಅರ್ಥ ಆಯ್ತಾ ಅಂತ ಕೇಳಬೇಡಿ, ಹೂಂ ಅಂತಾರೆ. “ಅಮ್ಮ, ನಾಳೆ ಬೆಳಗ್ಗೆ ಎದ್ದ ಮೇಲೆ ಏನೇನು ಕುಡೀತೀಯ?” ಅಂತ ಕೇಳಿ. ಆ ಅಜ್ಜಿಯನ್ನ ಹೀಗೆ ಕೇಳಿದ್ದರೆ ಕಾಫಿ ಅಂತ ಅಂದೇ ಅನ್ನುತ್ತಿದ್ದರು.

ಬರೆದಾದ ಮೇಲೆ ನಿನ್ನ ತಮ್ಮನ ಕೈಗೆ ಕೊಡು, ವಿವರಿಸಬೇಡ. ನೀನು ಡಾಕ್ಟರ್ ಆಗು, ಹಿಂದಿಯಲ್ಲಿ ನಾಲ್ಕು ಮಾತು ಹೇಳು, ಅವನು ಹಾಳೆ ನೋಡ್ಕೊಂಡು ಅಮ್ಮನಿಗೆ ಹೇಳಲಿ. ಎಲ್ಲಿ ನಿಂತು ನಿನ್ನ ಮುಖ ನೋಡ್ತಾನೋ ಆ ಸಾಲು ತಿದ್ದು. ತಿದ್ದಿದ್ದನ್ನ ಫೋಟೋ ತೆಗೆದು ಇಲ್ಲಿ ಹಾಕು, ನಾನು ರಾತ್ರಿ ನೋಡ್ತೀನಿ.