ನಾಯಿಯೋ ಕುರಿಯೋ: ಜಗಲಿ ಮೇಲಿನ ಹಿತ್ತಾಳೆ ದೇವರನ್ನು ಗುರುತಿಸಿದ ಬಗೆ

ಕೇಳಿದವರು: ಸೌಮ್ಯಾ
ಅಜ್ಜಿ ತೀರಿಕೊಂಡ ಮೇಲೆ ದೇವರ ಜಗಲಿಯಿಂದ ಒಂದು ಹಿತ್ತಾಳೆ ಫಲಕ ನನ್ನ ಪಾಲಿಗೆ ಬಂತು. ಒಂದು ಗೇಣು ಎತ್ತರ. ನಿಂತಿರುವ ಗಂಡು ದೇವರು, ನಾಲ್ಕು ಕೈ, ದೊಡ್ಡ ಮೀಸೆ, ಮೊಳಕಾಲಿನ ತನಕ ರುಂಡಮಾಲೆ. ಒಂದು ಕೈಯಲ್ಲಿ ಕತ್ತಿ, ಹಿಂದಿನ ಒಂದು ಕೈಯಲ್ಲಿ ಕೋಲು, ಇನ್ನೊಂದರಲ್ಲಿ ಹಾವಿನಂಥದ್ದು ಏನೋ ಇದೆ. ಕಾಲ ಬಳಿ ಒಂದು ಕಡೆ ನಾಯಿ, ಇನ್ನೊಂದು ಕಡೆ ಚಿಕ್ಕ ಹೆಂಗಸು. ಚಿಕ್ಕಪ್ಪ ಕಾಲಭೈರವ ಅಂತಾರೆ, ಸೋದರತ್ತೆ ಮೈಲಾರಲಿಂಗ ಅಂತಾರೆ. ಅಜ್ಜಿ ಬರೀ "ನಮ್ಮಪ್ಪ" ಅನ್ನುತ್ತಿದ್ದಳು. ಫೋಟೋ ಹಾಕಿದ್ದೇನೆ. ಯಾರೆಂದು ತಿಳಿಯುವುದು ಹೇಗೆ?

ಮಲ್ಲಣ್ಣ
ಭೈರವನೇ ರೀ, ಅನುಮಾನ ಬ್ಯಾಡ. ನಾಯಿ ಐತಿ, ರುಂಡಮಾಲಿ ಐತಿ, ಮೀಸಿ ಐತಿ. ನಾಯಿ ಭೈರವನ ವಾಹನ. ನಮ್ಮ ಓಣ್ಯಾಗಿನ ಗುಡಿಯೊಳಗೂ ಹಿಂಗ ಐತಿ, ಕಾಲ ಹತ್ರ ನಾಯಿ ನಿಂತೈತಿ.

ವೀರಗಾಸೆ ಮನೆಯವರು
ಮಲ್ಲಣ್ಣನವರೇ, ಭೈರವನಿಗೆ ನಾಯಿ ಎಂಬುದು ಸರಿ. ಆದರೆ ನಾಯಿ ಮೈಲಾರನ ಜೊತೆಗೂ ಇರುತ್ತದೆ, ಹಾಗಾಗಿ ನಾಯಿ ಒಂದರಿಂದಲೇ ತೀರ್ಮಾನಿಸಲಾಗದು. ರುಂಡಮಾಲೆ, ಮೀಸೆ, ಕತ್ತಿ ಇವು ಉಗ್ರರೂಪದ ದೇವರೆಲ್ಲರಿಗೂ ಉಂಟು. ನಾನು ಮೊದಲು ಕೈಗಳನ್ನು ನೋಡುತ್ತೇನೆ, ಕಾಲ ಬಳಿ ಇರುವುದನ್ನು ಆಮೇಲೆ.

ಭೈರವನ ಕೈಯಲ್ಲಿ ತ್ರಿಶೂಲ, ಡಮರು, ಕಪಾಲ ಬರುತ್ತವೆ. ಕಪಾಲ ಹಿಡಿದ ಕೈಯಿಂದಲೇ ಕಡಿದ ರುಂಡವೊಂದು ಜುಟ್ಟಿನಲ್ಲಿ ಜೋತಾಡುತ್ತಿರುತ್ತದೆ, ನಾಯಿ ಅದರಿಂದ ತೊಟ್ಟಿಕ್ಕುವ ರಕ್ತದ ಕಡೆಗೆ ಮುಖ ಎತ್ತಿರುತ್ತದೆ. ಹೊಯ್ಸಳರ ಗುಡಿಗಳ ಭೈರವನನ್ನು ಒಮ್ಮೆ ನೋಡಿದರೆ ಮರೆಯಲಾಗದು: ಮೈಮೇಲೆ ಬಟ್ಟೆಯಿಲ್ಲ, ಹಾವೇ ಒಡವೆ. ಬಟ್ಟೆಯಿಲ್ಲದ ಉಗ್ರಮೂರ್ತಿ ಕಂಡರೆ ಭೈರವ ಎನ್ನಲು ಧೈರ್ಯ ಬರುತ್ತದೆ. ಬಟ್ಟೆ ಇದ್ದರೆ ಭೈರವನಲ್ಲ ಎನ್ನುವಂತಿಲ್ಲ, ಏಕೆಂದರೆ ಕ್ಯಾಲೆಂಡರ್ ಚಿತ್ರದವರು ಅವನಿಗೂ ಹುಲಿಚರ್ಮವನ್ನೋ ಪಂಚೆಯನ್ನೋ ಉಡಿಸುತ್ತಾರೆ.

ಮೈಲಾರನಾದರೆ ಬಹುಪಾಲು ಕುದುರೆ ಮೇಲಿರುತ್ತಾನೆ, ಹಿಂದೆಯೋ ಪಕ್ಕದಲ್ಲೋ ಹೆಂಡತಿ ಇರುತ್ತಾಳೆ, ಕುದುರೆಯ ಕಾಲಡಿ ಮಣಿ, ಮಲ್ಲ ಎಂಬ ರಕ್ಕಸರು. ಕುಳಿತ ರೂಪದ ಫಲಕಗಳೂ ಇವೆ. ಅವುಗಳಲ್ಲಿ ಕತ್ತಿ, ತ್ರಿಶೂಲ, ಡಮರು, ಬಟ್ಟಲು ಬರುತ್ತವೆ. ನಿಮ್ಮ ಫಲಕದಲ್ಲಿ ಡಮರುವೂ ಕಾಣಲಿಲ್ಲ, ಬಟ್ಟಲೂ ಕಾಣಲಿಲ್ಲ. ನನಗೆ ಬೇರೆಯೇ ಅನುಮಾನ ಬಂದಿದೆ. ಹೇಳುವ ಮೊದಲು ಒಂದು ಕೇಳುತ್ತೇನೆ: ಕತ್ತಿ ಇರುವುದು ದೇವರ ಬಲಗೈಯಲ್ಲೋ ಎಡಗೈಯಲ್ಲೋ? ನಮ್ಮ ಬಲ ಅಲ್ಲ, ದೇವರ ಬಲ.

ಸೌಮ್ಯಾ
ಫೋಟೋದಲ್ಲಿ ದೇವರ ಎಡಗೈಯಲ್ಲಿದೆ. ಫಲಕವನ್ನೇ ನೋಡಿದರೆ ಬಲಗೈಯಲ್ಲಿದೆ! ಹೇಗೆ ಹೀಗಾಯಿತು?

ವೀರಗಾಸೆ ಮನೆಯವರು
ಮೊಬೈಲಿನ ಮುಂದಿನ ಕ್ಯಾಮೆರಾದಲ್ಲಿ ತೆಗೆದಿದ್ದೀರಿ, ಚಿತ್ರ ಕನ್ನಡಿಯ ಹಾಗೆ ತಿರುಗಿದೆ. ಕತ್ತಿ, ಬಾಣ ಬಲಗೈಯ ಆಯುಧಗಳು, ಗುರಾಣಿ, ಬಿಲ್ಲು ಎಡಗೈಯವು. ಕತ್ತಿ ಎಡಕ್ಕೆ ಕಂಡಾಗ ಮೊದಲು ಚಿತ್ರವನ್ನೇ ಅನುಮಾನಿಸಬೇಕು. ಜನಿವಾರವೂ ಸಾಕ್ಷಿ ಹೇಳುತ್ತದೆ: ಅದು ದೇವರ ಎಡ ಹೆಗಲಿನಿಂದ ಬಲ ಸೊಂಟಕ್ಕೆ ಇಳಿಯಬೇಕು. ಫೋಟೋದಲ್ಲಿ ಬಲ ಹೆಗಲಿನಿಂದ ಇಳಿದಿದ್ದರೆ ಚಿತ್ರ ತಿರುಗಿದೆ ಎಂದೇ ಅರ್ಥ.

ಗೀತಕ್ಕ
ಇದು ನನಗೆ ಎಷ್ಟು ಉಪಯೋಗವಾಯಿತು ಗೊತ್ತಾ! ಮೊನ್ನೆ ನಮ್ಮ ತಂಗಿ ತನ್ನ ಮನೆ ಗಣಪನ ಫೋಟೋ ಕಳಿಸಿ, "ಸೊಂಡಿಲು ಬಲಕ್ಕಿದೆ, ಬಲಮುರಿಗೆ ಮಡಿ ಜಾಸ್ತಿ ಬೇಕಂತೆ, ಏನು ಮಾಡಲಿ" ಎಂದು ಅಳುವುದೊಂದು ಬಾಕಿ. ಮೂರ್ತಿಯ ಸೊಂಡಿಲು ಎಡಕ್ಕೇ ಇತ್ತು!

ಇಲ್ಲೇ ಇನ್ನೊಂದು ಕೇಳಿಬಿಡುತ್ತೇನೆ. ನಮ್ಮ ಹಳೆಯ ಕ್ಯಾಲೆಂಡರ್ ಪಟದಲ್ಲಿ ವೀಣೆ ಹಿಡಿದ ದೇವಿ, ಪಕ್ಕದಲ್ಲಿ ನವಿಲು. ಮಗಳು "ನವಿಲು ಇದ್ದರೆ ಕೌಮಾರಿ" ಅಂತಾಳೆ. ನಾನು ಇಷ್ಟು ವರ್ಷ ಸರಸ್ವತಿ ಅಂತ ದೀಪ ಹಚ್ಚಿದ್ದೇನೆ.

ವೀರಗಾಸೆ ಮನೆಯವರು
ಗೀತಕ್ಕ, ನೀವು ದೀಪ ಹಚ್ಚಿದ್ದು ಸರಸ್ವತಿಗೇ. ರವಿವರ್ಮನ ಸರಸ್ವತಿಯ ಪಕ್ಕದಲ್ಲಿ ನವಿಲೇ ಇದೆ. 1894ರಲ್ಲಿ ಅವನು ಮುಂಬಯಿಯಲ್ಲಿ ಅಚ್ಚುಕೂಟ ಶುರುಮಾಡಿದ ಮೇಲೆ ಅಂಥ ಪಟಗಳು ಮನೆಮನೆಗೆ ಹೋದವು. ದೇವಿ ಹತ್ತಿ ಕೂತ ಪ್ರಾಣಿ ಬೇರೆ, ಪಕ್ಕದಲ್ಲಿ ಸುಮ್ಮನೆ ನಿಂತ ಪ್ರಾಣಿ ಬೇರೆ. ಕೌಮಾರಿಯಾದರೆ ಕೈಯಲ್ಲಿ ಶಕ್ತಿಯಾಯುಧ ಇರಬೇಕು, ಎಂದರೆ ಸುಬ್ರಹ್ಮಣ್ಯನ ಭರ್ಜಿ. ವೀಣೆ ಇದ್ದ ಮೇಲೆ ನವಿಲಿನ ಮಾತು ಕೇಳಬೇಕಾಗಿಲ್ಲ. ಸೌಮ್ಯಾ ಅವರ "ನಾಯಿ"ಗೂ ಇದೇ ಮಾತು.

ಎರಕದ ಮನೆ
ನಮ್ಮದು ಹಿತ್ತಾಳೆ ಎರಕ ಹೊಯ್ಯುವ ಮನೆತನ. ಫೋಟೋ ದೊಡ್ಡದು ಮಾಡಿ ನೋಡಿದೆ. ನೀವು ಹಾವು ಅಂದದ್ದು ನನಗೆ ಹಾವಾಗಿ ಕಾಣುವುದಿಲ್ಲ ತಾಯಿ. ಹಾವಾದರೆ ತುದಿಯಲ್ಲಿ ಹೆಡೆಗೆ ಒಂದು ಅಗಲ ಇರುತ್ತದೆ. ಇದು ಒಂದೇ ದಪ್ಪಕ್ಕೆ ಬಾಗಿ, ಪ್ರಭಾವಳಿಯ ಅಂಚಿನ ಗುಂಟ ಹೋಗಿದೆ. ಮೇಲಿನ ತುದಿ ಮುರಿದಿದೆ. ಬಿಲ್ಲು ಇರಬೇಕು. ಹೆದೆ ಬಲು ತೆಳು, ಎರಕದಲ್ಲೇ ತುಂಡಾಗುತ್ತದೆ, ಇಲ್ಲವಾದರೆ ತಿಕ್ಕಿ ತಿಕ್ಕಿ ಹೋಗುತ್ತದೆ.

ಕೋಲು ಅಂದದ್ದನ್ನೂ ನೋಡಿ. ತ್ರಿಶೂಲದ ಹಿಡಿಯಾದರೆ ಉದ್ದವಾಗಿ ಹೆಗಲಿನ ಮೇಲಕ್ಕೆ ಹೋಗಿ ಮೂರು ಮೊನೆ ಆಗಬೇಕು. ಇದು ಗಿಡ್ಡ, ನಡುವಿನಲ್ಲಿ ಬೆರಳಿನಿಂದ ಹಿಡಿದದ್ದು, ಕೆಳತುದಿಯಲ್ಲಿ ಗರಿಯ ಗೀರು ಇರುವ ಹಾಗಿದೆ. ಬಾಣ. ನಾಲ್ಕನೆಯ ಕೈ ಬಗ್ಗೆ ನೀವು ಏನೂ ಹೇಳಲಿಲ್ಲ. ಮೊಳಕಾಲ ಹತ್ತಿರ ದುಂಡಗೆ ತಟ್ಟೆಯಂತೆ ಇರುವುದು ಆ ಕೈಯದೇ ಅಲ್ಲವೇ?

ಒಂದು ಬೇಡಿಕೆ. ಹುಣಿಸೆಹಣ್ಣು ಹಾಕಿ ತಿಕ್ಕಬೇಡಿ. ಈಗಾಗಲೇ ಮೂಗು, ಕಣ್ಣು ಸವೆದಿವೆ. ಇನ್ನೊಂದು ಹತ್ತು ಸಲ ತಿಕ್ಕಿದರೆ ಉಳಿದ ಗೀರೂ ಹೋಗುತ್ತದೆ, ಆಮೇಲೆ ಯಾರಿಗೂ ಏನೂ ಹೇಳಲಾಗದು. ಒಣ ಮೆತ್ತನೆ ಬಟ್ಟೆ ಸಾಕು. ಎದುರಿನಿಂದ ಫ್ಲ್ಯಾಶ್ ಹಾಕಿ ಫೋಟೋ ತೆಗೆಯಬೇಡಿ, ಎಲ್ಲ ಬೆಳ್ಳಗಾಗಿ ಚಪ್ಪಟೆಯಾಗುತ್ತದೆ. ಕೋಣೆ ಕತ್ತಲು ಮಾಡಿ, ಟಾರ್ಚನ್ನು ಫಲಕದ ಪಕ್ಕದಲ್ಲಿ ಹೆಚ್ಚುಕಡಿಮೆ ನೆಲಕ್ಕೆ ಮಲಗಿಸಿ ಬೆಳಕು ಬಿಡಿ. ಸವೆದ ಗೀರಿನಲ್ಲೂ ನೆರಳು ನಿಲ್ಲುತ್ತದೆ. ಮೊದಲು ಎಡದಿಂದ, ಆಮೇಲೆ ಬಲದಿಂದ ತೆಗೆಯಿರಿ. ಹಿಂದಿನ ಕ್ಯಾಮೆರಾದಲ್ಲಿ.

ವೀರಗಾಸೆ ಮನೆಯವರು
ನಾನು ಬಾಯಿ ಕಟ್ಟಿಕೊಂಡಿದ್ದೆ, ಎರಕದ ಮನೆಯವರು ಹೇಳಿಯೇಬಿಟ್ಟರು. ಬಲದಲ್ಲಿ ಕತ್ತಿ, ಬಾಣ, ಎಡದಲ್ಲಿ ಗುರಾಣಿ, ಬಿಲ್ಲು. ಈ ನಾಲ್ಕೂ ಕೂಡಿದರೆ ನನ್ನ ಕಣ್ಣಿಗೆ ವೀರಭದ್ರ. ಹಂಪೆಯ ಉದ್ಧಾನ ವೀರಭದ್ರನ ಕೈಯಲ್ಲೂ ಇವೇ ನಾಲ್ಕು. ಸೌಮ್ಯಾ ಅವರೇ, ಹೊಸ ಫೋಟೋದಲ್ಲಿ ಆ "ನಾಯಿ"ಯ ಮುಂಗಾಲುಗಳನ್ನು ನೋಡಿ ಹೇಳಿ. ಮುಖ ಬಿಡಿ, ಕಾಲು ಮಾತ್ರ.

ಸೌಮ್ಯಾ
ರಾತ್ರಿ ಟಾರ್ಚ್ ಹಿಡಿದು ಕೂತೆ. ಅದು ನಾಲ್ಕು ಕಾಲಿನ ಮೇಲೆ ನಿಂತಿಲ್ಲ! ಎರಡು ಕಾಲಿನ ಮೇಲೆ ಮನುಷ್ಯನ ಹಾಗೆ ನಿಂತಿದೆ, ಸೊಂಟದಲ್ಲಿ ಪಂಚೆಯ ಮಡಿಕೆ ಇದೆ. ಮುಂಗಾಲು ಅಂದುಕೊಂಡದ್ದು ಎರಡು ಕೈ, ಎದೆ ಮುಂದೆ ಜೋಡಿಸಿದೆ. ಕಿವಿಯ ಮೇಲೆ ಹಿಂದಕ್ಕೆ ಬಾಗಿದ ಎರಡು ಗೀರು. ನಾಲ್ಕನೆಯ ಕೈಯಲ್ಲಿ ಇರುವುದು ಗುರಾಣಿಯೇ, ನಡುವೆ ಗುಂಡಗೆ ಉಬ್ಬಿದೆ. ಕಾಲಲ್ಲಿ ಹಾವುಗೆಯೂ ಕಾಣಿಸಿತು.

ವೀರಗಾಸೆ ಮನೆಯವರು
ಆ ಗೀರು ಕೊಂಬು. ನಿಮ್ಮ ನಾಯಿ ದಕ್ಷಬ್ರಹ್ಮ. ಯಜ್ಞದಲ್ಲಿ ವೀರಭದ್ರ ಅವನ ತಲೆ ತೆಗೆದ, ಆಮೇಲೆ ಕುರಿಯ ತಲೆ ಇಟ್ಟು ಬದುಕಿಸಿದರು. ಕುರಿತಲೆಯಲ್ಲಿ ಕೈಮುಗಿದು ನಿಂತಿರುವುದು ಅದಕ್ಕೇ. ಸವೆದ ಮೇಲೆ ಕುರಿಯ ಮುಖ, ನಾಯಿಯ ಮುಖ ಒಂದೇ ಥರ ಉದ್ದನೆಯ ಮೂತಿಯಾಗುತ್ತದೆ. ಆದರೆ ನಾಯಿ ಕೈಮುಗಿಯುವುದಿಲ್ಲ. ನಮ್ಮ ಮನೆಯಲ್ಲಿ ವೀರಗಾಸೆ ಕಟ್ಟುವವರ ಎದೆಮೇಲೂ ಇಂಥದೇ ಫಲಕ, ಚಿಕ್ಕಂದಿನಲ್ಲಿ ನಾನೂ ಅದನ್ನು ಕೋತಿ ಅಂದುಕೊಂಡಿದ್ದೆ. ಒಡಪು ಹೇಳುತ್ತಾ ದೊಡ್ಡಪ್ಪ ದಕ್ಷನ ಯಜ್ಞದ ಕಥೆಗೆ ಬಂದು ಬೆರಳಿಟ್ಟು ತೋರಿಸಿದ ದಿನ ತಿಳಿಯಿತು.

ಹಾವುಗೆಯನ್ನು ಗುರುತಾಗಿ ಹಿಡಿಯಬೇಡಿ, ಭೈರವನೂ ಹಾವುಗೆ ಮೆಟ್ಟುತ್ತಾನೆ.

ಮಲ್ಲಣ್ಣ
ಕೊಂಬು ನಾನೂ ನೋಡಿದೆ ರೀ, ಒಪ್ಪಿದೆ. ಆದ್ರ ನಮ್ಮ ಗುಡಿಯೊಳಗಿನದು ನಾಯಿನೇ, ಬಾಲ ಐತಿ. ನಾಳಿಗಿ ಮತ್ತ ಹೋಗಿ ಕೈಯಾಗೇನೈತಿ ನೋಡ್ತೀನಿ.

ಸೌಮ್ಯಾ
ಸೋದರತ್ತೆ ಮಾತ್ರ ಒಪ್ಪುತ್ತಿಲ್ಲ. "ನಮ್ಮ ಮನೆಯಲ್ಲಿ ಭಂಡಾರ ಹಚ್ಚುತ್ತಿದ್ದರು, ಮೈಲಾರದ ಜಾತ್ರೆಗೆ ಹೋಗುತ್ತಿದ್ದರು" ಅಂತಾರೆ. ಫಲಕದ ಸಂದುಗಳಲ್ಲಿ ಅರಿಸಿನ ನಿಜವಾಗಿಯೂ ಇದೆ.

ವೀರಗಾಸೆ ಮನೆಯವರು
ಅತ್ತೆಯವರ ಮಾತು ಸುಳ್ಳಲ್ಲದಿರಬಹುದು. ಮನೆದೇವರು ಮೈಲಾರನಾಗಿದ್ದು, ವೀರಭದ್ರನ ಫಲಕ ಹೆಣ್ಣುಕೊಟ್ಟ ಮನೆಯಿಂದಲೋ ಬೇರೆ ಯಾವ ದಾರಿಯಿಂದಲೋ ಅದೇ ಜಗಲಿಗೆ ಬಂದಿರಬಹುದು. ಅರಿಸಿನ ಹೇಳುವುದು ಪೂಜೆ ಮಾಡಿದವರ ಕಥೆ, ಎರಕ ಹೊಯ್ದವನು ಯಾರನ್ನು ಮಾಡಿದ ಎಂಬುದನ್ನು ಅದು ಹೇಳದು. ಅಜ್ಜಿಯ ತವರು ಯಾವ ಕಡೆ ಎಂದು ಅತ್ತೆಯವರನ್ನೇ ಕೇಳಿ ನೋಡಿ.

ಗೀತಕ್ಕ
ಮತ್ತೆ ಇನ್ನೊಂದು ಪಕ್ಕದ ಹೆಂಗಸು ಯಾರು?

ವೀರಗಾಸೆ ಮನೆಯವರು
ನಮ್ಮಲ್ಲಿ ಭದ್ರಕಾಳಿ ಅಂತಾರೆ, ಕೆಲವರು ದಾಕ್ಷಾಯಣಿ ಅಂತಾರೆ. ಕೈಯಲ್ಲಿ ಕತ್ತಿಯೋ ಬಟ್ಟಲೋ ಇದ್ದರೆ ನಾನು ಭದ್ರಕಾಳಿ ಎನ್ನುತ್ತೇನೆ, ಹೂ ಇದ್ದರೆ ದಾಕ್ಷಾಯಣಿಯ ಕಡೆಗೆ ವಾಲುತ್ತೇನೆ.

ಎರಕದ ಮನೆ
ಹೊಸ ಫೋಟೋದಲ್ಲಿ ಅವಳ ಬಲಗೈ ಮುಷ್ಟಿಯಲ್ಲಿ ಸಣ್ಣ ತೂತು ಕಾಣುತ್ತಿದೆ. ಕೈಯಲ್ಲಿ ಇದ್ದದ್ದನ್ನು ಬೇರೆ ಮಾಡಿ ಸಿಗಿಸಿದ್ದರು, ಬಿದ್ದುಹೋಗಿದೆ. ಹೂವಿನ ದಂಟೋ ಕತ್ತಿಯ ಹಿಡಿಯೋ, ತೂತಿನಿಂದ ಗೊತ್ತಾಗುವುದಿಲ್ಲ. ಸೌಮ್ಯಾ ತಾಯಿ, ಅಜ್ಜಿಯ ದೇವರ ಪೆಟ್ಟಿಗೆಯ ತಳದಲ್ಲಿ ಕಡ್ಡಿಯಷ್ಟು ಹಿತ್ತಾಳೆ ಚೂರು ಏನಾದರೂ ಸಿಕ್ಕರೆ ಎಸೆಯಬೇಡಿ, ಫೋಟೋ ಹಾಕಿ.

ಸೌಮ್ಯಾ
ಪೆಟ್ಟಿಗೆ ಚಿಕ್ಕಪ್ಪನ ಮನೆಯಲ್ಲಿದೆ. ಭಾನುವಾರ ಹೋಗುತ್ತೇನೆ.