ಬೆಲೆ ಏರಿತು, ಓಪನ್ ಇಂಟರೆಸ್ಟ್ ಇಳಿಯಿತು: ಇದು ಶಾರ್ಟ್ ಕವರಿಂಗ್ ತಾನೇ?

ಪ್ರಶ್ನೆ: ನಾನು ಗಮನಿಸುತ್ತಿರುವ ಫ್ಯೂಚರ್ ಮೂರು ದಿನಗಳಲ್ಲಿ 500ರಿಂದ 512ಕ್ಕೆ ಏರಿದೆ. ಓಪನ್ ಇಂಟರೆಸ್ಟ್ ಮಾತ್ರ 80,000 ಕಾಂಟ್ರಾಕ್ಟ್‌ಗಳಿಂದ 62,000ಕ್ಕೆ ಇಳಿದಿದೆ. ಶಾರ್ಟ್ ಕವರಿಂಗ್ ಮುಗಿದರೆ ಏರಿಕೆಯೂ ಮುಗಿಯುತ್ತದೆ ಎಂದು ಮಾರಲು ಹೊರಟಿದ್ದೇನೆ. ಅನುಭವಿಗಳು ಏನು ಹೇಳುತ್ತೀರಿ?

ಹಸಿರು ಮೇಣದಬತ್ತಿ: ಸರಿಯಾಗಿಯೇ ಗುರುತಿಸಿದ್ದೀರಿ. ಬೆಲೆಯೊಂದಿಗೆ ಓಪನ್ ಇಂಟರೆಸ್ಟ್ ಕೂಡ ಏರಿದ್ದರೆ ಮಾರುವವರಿಗಿಂತ ಕೊಳ್ಳುವವರು ಹೆಚ್ಚಿದ್ದಾರೆ, ಅಂದರೆ ಲಾಂಗ್ ಬಿಲ್ಡ್‌ಅಪ್ ಎನ್ನಬಹುದಿತ್ತು. ಇಲ್ಲಿ ಹಾಗಿಲ್ಲ.

ಹಳೆಯ ಲೆಕ್ಕಿಗ: ಕೊಳ್ಳುವವರು ಹೆಚ್ಚು ಎಂಬ ಮಾತು ತಪ್ಪು. ಪ್ರತಿ ಕಾಂಟ್ರಾಕ್ಟಿಗೂ ಒಂದು ಲಾಂಗ್, ಒಂದು ಶಾರ್ಟ್ ಇದ್ದೇ ಇರುತ್ತದೆ. ಇಬ್ಬರೂ ಹೊಸಬರಾದರೆ ಸಂಖ್ಯೆ ಏರುತ್ತದೆ, ಇಬ್ಬರೂ ಹಳೆಯ ಪೊಸಿಷನ್ ಮುಚ್ಚಿದರೆ ಇಳಿಯುತ್ತದೆ, ಹಳಬರ ಪೊಸಿಷನ್ ಹೊಸಬರ ಕೈಗೆ ಹೋದರೆ ಹಾಗೆಯೇ ಉಳಿಯುತ್ತದೆ. ಯಾರಿಗೆ ಅವಸರವಿತ್ತು ಎಂಬುದನ್ನು ನಾವು ಬೆಲೆಯಿಂದ ಊಹಿಸುತ್ತೇವೆ, ಅಷ್ಟೇ. ಅದಿರಲಿ, ಎಕ್ಸ್‌ಪೈರಿಗೆ ಎಷ್ಟು ದಿನ ಉಳಿದಿದೆ? ಮುಂದಿನ ತಿಂಗಳ ಕಾಂಟ್ರಾಕ್ಟ್ ನೋಡಿದಿರಾ?

ಪ್ರಶ್ನೆ ಕೇಳಿದವರು: ನಾಲ್ಕು ದಿನ. ಮುಂದಿನ ತಿಂಗಳದ್ದು 15,000ದಿಂದ 34,000ಕ್ಕೆ ಏರಿದೆ. ಅದನ್ನು ನೋಡಿಯೇ ಇರಲಿಲ್ಲ.

ಹಳೆಯ ಲೆಕ್ಕಿಗ: ಎರಡನ್ನೂ ಕೂಡಿಸಿ. ಮೊದಲು 95,000, ಈಗ 96,000. ಈ ತಿಂಗಳಿನಿಂದ ಹೋದ 18,000 ಕಾಂಟ್ರಾಕ್ಟ್‌ಗಳಲ್ಲಿ ಬಹುಪಾಲು ಮುಂದಿನ ತಿಂಗಳಿಗೆ ಸಾಗಿದಂತಿದೆ, ಇದು ರೋಲ್‌ಓವರ್. ಒಟ್ಟು ಮೊತ್ತ 95,000ದಿಂದ 85,000ಕ್ಕೆ ಬಿದ್ದು ಬೆಲೆ ಏರಿದ್ದರೆ ಶಾರ್ಟ್ ಕವರಿಂಗ್ ಎಂದು ನಾನೂ ಒಪ್ಪುತ್ತಿದ್ದೆ. ಈ ಒಂದು ಸಾವಿರದ ಏರಿಕೆಯನ್ನು ಲಾಂಗ್ ಬಿಲ್ಡ್‌ಅಪ್ ಎಂದೂ ಕರೆಯಲಾರೆ, ತೀರಾ ಸಣ್ಣದು. ನಾನೂ ಒಮ್ಮೆ ಹೀಗೆಯೇ ಒಂದೇ ತಿಂಗಳ ಅಂಕಿ ನಂಬಿ ಮಾರಿದ್ದೆ. ಹೊಸ ಸರಣಿ ಶುರುವಾದ ಮೇಲೂ ಬೆಲೆ ಏರುತ್ತಲೇ ಹೋಯಿತು.

ಸಂಜೆಯ ಓದುಗ: ನನ್ನ ಷೇರಿನಲ್ಲಿ ಕಾಲ್ ಆಪ್ಷನ್‌ಗಳ ಓಪನ್ ಇಂಟರೆಸ್ಟ್ ಎರಡು ಪಟ್ಟಾಗಿದೆ. ಅದೂ ಲಾಂಗ್ ಬಿಲ್ಡ್‌ಅಪ್ ತಾನೇ?

ಹಳೆಯ ಲೆಕ್ಕಿಗ: ಅದು ಬೇರೆಯೇ ಕಥೆ. ಕಾಲ್ ಬರೆದವರು ಬೆಲೆ ಏರಲಿ ಎಂದು ಬಯಸುವವರಲ್ಲ. ಬೇರೆ ಪ್ರಶ್ನೆಯಾಗಿ ಕೇಳಿ.

ಹಸಿರು ಮೇಣದಬತ್ತಿ: ಒಟ್ಟು ಮೊತ್ತದ ಮಾತು ಒಪ್ಪಿದೆ. ಆದರೆ ರೋಲ್ ಮಾಡಲು ಯಾರು ಅವಸರಪಟ್ಟರು ಎಂಬುದು ಎರಡು ತಿಂಗಳ ಬೆಲೆಗಳ ಅಂತರದಲ್ಲಿ ಕಾಣುವುದಿಲ್ಲವೇ? ಮುಂದಿನ ತಿಂಗಳು ಇನ್ನಷ್ಟು ದುಬಾರಿಯಾಗುತ್ತಿದ್ದರೆ ಲಾಂಗ್‌ಗಳೇ ಹೆಚ್ಚು ತೆತ್ತು ಪೊಸಿಷನ್ ಸಾಗಿಸುತ್ತಿದ್ದಾರೆ ಎಂದು ನಾನು ಓದುತ್ತೇನೆ.

ಹಳೆಯ ಲೆಕ್ಕಿಗ: ಕೆಲವೊಮ್ಮೆ ಹೌದು. ಆದರೆ ಬಡ್ಡಿ, ಡಿವಿಡೆಂಡ್‌ಗಳೂ ಆ ಅಂತರವನ್ನು ಅಲುಗಿಸುತ್ತವೆ. ಅದೊಂದನ್ನೇ ನಂಬಿ ನಾನು ಹಣ ಹಾಕುವುದಿಲ್ಲ.

ಹಸಿರು ಮೇಣದಬತ್ತಿ: ನಾನು ಹಾಕುತ್ತೇನೆ, ಚಿಕ್ಕ ಪ್ರಮಾಣದಲ್ಲಿ.

ಪ್ರಶ್ನೆ ಕೇಳಿದವರು: ಅಂತರ ಮೂರು ದಿನಗಳಿಂದ ಹೆಚ್ಚುಕಡಿಮೆ ಅಷ್ಟೇ ಇದೆ. ಮಾರುವ ಆರ್ಡರ್ ರದ್ದು ಮಾಡಿದ್ದೇನೆ. ಎಕ್ಸ್‌ಪೈರಿ ಕಳೆದ ಮೇಲೆ ಒಟ್ಟು ಸಂಖ್ಯೆಯೊಂದಿಗೆ ಮತ್ತೆ ಬರೆಯುತ್ತೇನೆ.